ಲಾಗ್ ಪಕ್ಕದ ಎರಡು ಗೀಟುಗಳು

ದ್ವಿತೀಯ ಪಿಯುಸಿ ಗಣಿತದಲ್ಲಿ ಇಂಟಿಗ್ರೇಷನ್ ಪಾಠ ಶುರುವಾಗುವ ಕಡೆ ಸೂತ್ರಗಳ ಒಂದು ಪಟ್ಟಿ ಇರುತ್ತದೆ. ಅದರ ಮೊದಲ ಸೂತ್ರ ತುಂಬ ಸರಳ. x ನ ಘಾತಕ್ಕೆ ಒಂದು ಕೂಡಿಸಿ, ಬಂದ ಹೊಸ ಘಾತದಿಂದಲೇ ಭಾಗಿಸಿದರೆ ಆಯಿತು. x² ಕೊಟ್ಟರೆ x³/3, x³ ಕೊಟ್ಟರೆ x⁴/4. ಘಾತ ಋಣವಾದರೂ, ಭಿನ್ನರಾಶಿಯಾದರೂ ಈ ಸೂತ್ರ ಕೈಕೊಡುವುದಿಲ್ಲ. ಆದರೆ ಅದೇ ಪಟ್ಟಿಯಲ್ಲಿ ಸ್ವಲ್ಪ ಕೆಳಗೆ ಹೋದರೆ, ಈ ಮನೆತನಕ್ಕೇ ಸೇರದವನಂತೆ ಒಂದು ಸಾಲು ನಿಂತಿರುತ್ತದೆ:

∫ dx/x = log|x| + C

ಘಾತಗಳ ನಡುವೆ ಲಾಗರಿದಮ್ ಎಲ್ಲಿಂದ ಬಂತು? ಬಂದದ್ದು ಬರಲಿ, x ನ ಎರಡೂ ಪಕ್ಕ ಆ ಗೀಟುಗಳು ಯಾಕೆ? ಗೀಟು ಹಾಕದಿದ್ದರೆ ಮೇಷ್ಟ್ರು ಅಂಕ ಕಳೆಯುತ್ತಾರೆ ಎಂಬುದು ಎಲ್ಲರಿಗೂ ಗೊತ್ತು. ಆ ಗೀಟು ಏನು ಕೆಲಸ ಮಾಡುತ್ತದೆ, ಎಲ್ಲಿ ನಮ್ಮನ್ನು ದಾರಿ ತಪ್ಪಿಸುತ್ತದೆ ಎಂಬುದು ಮಾತ್ರ ಸಾಮಾನ್ಯವಾಗಿ ಪಾಠದೊಳಗೆ ಬರುವುದಿಲ್ಲ.

ಖಾಲಿ ಉಳಿದ ಒಂದು ಜಾಗ

1/x ಎಂದರೆ x ನ ಘಾತ −1. ಸೂತ್ರದ ಪ್ರಕಾರ ಅದಕ್ಕೆ ಒಂದು ಕೂಡಿಸಿದರೆ ಘಾತ ಸೊನ್ನೆಯಾಗುತ್ತದೆ. ಆಮೇಲೆ ಆ ಸೊನ್ನೆಯಿಂದಲೇ ಭಾಗಿಸಬೇಕು. ಸೂತ್ರ ಅಲ್ಲಿಗೆ ನಿಂತಿತು.

ಸೂತ್ರ ನಿಂತಿತೆಂದ ಮಾತ್ರಕ್ಕೆ ಉತ್ತರ ಇಲ್ಲವೆಂದಲ್ಲ. ಇಂಟಿಗ್ರೇಷನ್ ಎಂದರೆ ಗೆರೆಯೊಂದರ ಕೆಳಗಿನ ವಿಸ್ತೀರ್ಣ. 1/x ನ ಗೆರೆಯನ್ನು ಗ್ರಾಫ್ ಹಾಳೆಯ ಮೇಲೆ ಯಾರು ಬೇಕಾದರೂ ಎಳೆಯಬಹುದು. x ಒಂದು ಇದ್ದಾಗ ಎತ್ತರ 1, ಎರಡು ಇದ್ದಾಗ ಎತ್ತರ ಅರ್ಧ. ಇವೆರಡರ ನಡುವೆ ಗೆರೆಯ ಕೆಳಗೆ ಒಂದು ತುಂಡು ಜಾಗ ಇದ್ದೇ ಇದೆ. ಅದರ ವಿಸ್ತೀರ್ಣ ಅರ್ಧಕ್ಕಿಂತ ಹೆಚ್ಚು, ಒಂದಕ್ಕಿಂತ ಕಡಿಮೆ ಎಂದು ನೋಡಿದರೇ ಹೇಳಬಹುದು. ಅದನ್ನು ನಾಲ್ಕು ಸಮ ಅಗಲದ ಪಟ್ಟಿಗಳಾಗಿ ಸೀಳಿ, ಗೆರೆಯ ಒಳಗೇ ಉಳಿಯುವ ಆಯತಗಳನ್ನು ಕೂಡಿಸಿದರೆ 1/5 + 1/6 + 1/7 + 1/8, ಅಂದರೆ ಸುಮಾರು 0.635 ಬರುತ್ತದೆ. ಗೆರೆಯಿಂದ ಆಚೆಗೆ ಚಾಚುವ ಆಯತಗಳನ್ನು ಕೂಡಿಸಿದರೆ 1/4 + 1/5 + 1/6 + 1/7, ಅಂದರೆ ಸುಮಾರು 0.760. ನಿಜವಾದ ವಿಸ್ತೀರ್ಣ ಇವೆರಡರ ನಡುವೆ ಎಲ್ಲೋ ಇದೆ.

ಅದು ಎಲ್ಲಿದೆ ಎಂದು ಹಿಡಿಯಲು ನಿಂತುಹೋದ ಸೂತ್ರವನ್ನೇ ಬಳಸಿಕೊಳ್ಳಬಹುದು. ಘಾತ ಸರಿಯಾಗಿ −1 ಆದಾಗ ಮಾತ್ರ ತಾನೇ ತೊಂದರೆ? ಕೂದಲೆಳೆಯಷ್ಟು ಆಚೀಚೆ ನಿಂತು ನೋಡೋಣ. ಘಾತ −0.99 ಇಟ್ಟುಕೊಂಡು ಒಂದರಿಂದ ಎರಡರವರೆಗೆ ಲೆಕ್ಕ ಹಾಕಿದರೆ 0.6956 ಬರುತ್ತದೆ. ಘಾತ −1.01 ಇಟ್ಟುಕೊಂಡರೆ 0.6908. ಇನ್ನೂ ಹತ್ತಿರಕ್ಕೆ ಸರಿದಂತೆ ಎರಡೂ ಕಡೆಯ ಉತ್ತರಗಳು 0.6931 ಎಂಬ ಒಂದೇ ಸಂಖ್ಯೆಯ ಕಡೆಗೆ ಬರುತ್ತವೆ. ಎರಡರ ಸ್ವಾಭಾವಿಕ ಲಾಗರಿದಮ್ ಅಷ್ಟೇ: 0.6931. ಅಂದರೆ ಲಾಗ್ ಹೊರಗಿನಿಂದ ಬಂದು ಸೇರಿಕೊಂಡದ್ದಲ್ಲ. ಘಾತಗಳ ಸಾಲಿನಲ್ಲಿ ಖಾಲಿ ಬಿದ್ದಿದ್ದ ಜಾಗಕ್ಕೆ ಅಳತೆಗೆ ತಕ್ಕಂತೆ ಕೂರುವುದು ಅದೊಂದೇ.

ಎರಡು ಪಟ್ಟು ಅಗಲ, ಅರ್ಧ ಎತ್ತರ

ಆದರೂ ಲಾಗ್ ಯಾಕೆ ಎಂಬ ಪ್ರಶ್ನೆಗೆ ಇದು ಪೂರ್ತಿ ಉತ್ತರವಲ್ಲ. ಸಂಖ್ಯೆ ಹೊಂದಿತು ಎಂದಷ್ಟೇ ಆಯಿತು, ಕಾರಣ ಸಿಗಲಿಲ್ಲ. ಕಾರಣ ಇರುವುದು 1/x ಗೆರೆಯ ಒಂದು ಗುಣದಲ್ಲಿ.

ಒಂದರಿಂದ ಎರಡರವರೆಗಿನ ತುಂಡನ್ನು ತೆಗೆದುಕೊಳ್ಳಿ. ಅದನ್ನು ಅಡ್ಡಕ್ಕೆ ಎರಡು ಪಟ್ಟು ಹಿಗ್ಗಿಸಿ. ಈಗ ಅದು ಎರಡರಿಂದ ನಾಲ್ಕರವರೆಗೆ ಹರಡುತ್ತದೆ. ಎತ್ತರವನ್ನು ಅರ್ಧಕ್ಕೆ ತಗ್ಗಿಸಿ. ಒಂದರ ಮೇಲಿದ್ದ ಎತ್ತರ 1, ಎರಡರ ಮೇಲೆ ಬಂದು ಅರ್ಧವಾಯಿತು. ಎರಡರ ಮೇಲಿದ್ದ ಅರ್ಧ, ನಾಲ್ಕರ ಮೇಲೆ ಬಂದು ಕಾಲಾಯಿತು. ಅಲ್ಲಿ 1/x ನ ಎತ್ತರವೂ ಅಷ್ಟೇ! ಹಿಗ್ಗಿಸಿ ತಗ್ಗಿಸಿದ ತುಂಡು ಅದೇ ಗೆರೆಯ ಕೆಳಗೆ ಮುಂದಿನ ಜಾಗದಲ್ಲಿ ಸರಿಯಾಗಿ ಕೂತಿತು. ಅಗಲ ಎರಡು ಪಟ್ಟಾಗಿ ಎತ್ತರ ಅರ್ಧವಾದ್ದರಿಂದ ವಿಸ್ತೀರ್ಣ ಬದಲಾಗಲಿಲ್ಲ. ಹಾಗಾಗಿ ಒಂದರಿಂದ ಎರಡು, ಎರಡರಿಂದ ನಾಲ್ಕು, ನಾಲ್ಕರಿಂದ ಎಂಟು, ಎಲ್ಲ ಕಡೆಯೂ ವಿಸ್ತೀರ್ಣ ಒಂದೇ. ಮೂರರಿಂದ ಆರರವರೆಗೂ ಅದೇ. ವಿಸ್ತೀರ್ಣಕ್ಕೆ ಬೇಕಾದದ್ದು ತುಂಡಿನ ಎರಡು ತುದಿಗಳ ಅನುಪಾತ ಮಾತ್ರ. ತುಂಡು ಎಲ್ಲಿದೆ ಎಂಬುದು ಅದಕ್ಕೆ ಲೆಕ್ಕಕ್ಕಿಲ್ಲ.

ಇದನ್ನು ಮೊದಲು ಕಂಡವರು ಫ್ಲಾಂಡರ್ಸ್ ನಾಡಿನ ಜೆಸ್ಯೂಟ್ ಪಾದ್ರಿ ಗ್ರೆಗೊಯಿರ್ ಡಿ ಸೇಂಟ್ ವಿನ್ಸೆಂಟ್. 1647ರಲ್ಲಿ ಅಚ್ಚಾದ ತಮ್ಮ ದೊಡ್ಡ ಗ್ರಂಥದಲ್ಲಿ ಅವರು ಈ ಗೆರೆಯನ್ನು, ಅಂದರೆ ಅತಿಪರವಲಯವನ್ನು, ಪರಿಶೀಲಿಸಿದ್ದರು. x ನ ಬೆಲೆಗಳು ಗುಣೋತ್ತರ ಶ್ರೇಢಿಯಲ್ಲಿ ಹೋದರೆ ವಿಸ್ತೀರ್ಣಗಳು ಸಮಾಂತರ ಶ್ರೇಢಿಯಲ್ಲಿ ಬೆಳೆಯುತ್ತವೆ ಎಂಬುದು ಅವರ ಶೋಧದ ತಿರುಳು. ಎರಡು ವರ್ಷ ಕಳೆದು, 1649ರಲ್ಲಿ, ಅವರದೇ ಬಳಗದ ಅಲ್ಫೋನ್ಸ್ ಡಿ ಸರಾಸಾ ಇದಕ್ಕೂ ಲಾಗರಿದಮ್‌ಗೂ ಇರುವ ನಂಟನ್ನು ಎತ್ತಿ ಹೇಳಿದರು. ಜಾನ್ ನೇಪಿಯರ್ 1614ರಲ್ಲಿ ಪ್ರಕಟಿಸಿದ ಲಾಗರಿದಮ್ ಕೋಷ್ಟಕಗಳು ಅಷ್ಟು ಹೊತ್ತಿಗೆ ಖಗೋಳ ಲೆಕ್ಕಿಗರ ಕೈಯಲ್ಲಿ ಬಳಕೆಯಾಗುತ್ತಿದ್ದವು. ಗುಣಾಕಾರವನ್ನು ಸಂಕಲನಕ್ಕೆ ಇಳಿಸಿ ಶ್ರಮ ಉಳಿಸುವುದೇ ಆ ಕೋಷ್ಟಕಗಳ ಉದ್ದೇಶ.

1/x ನ ವಿಸ್ತೀರ್ಣ ಮಾಡುವ ಕೆಲಸವೂ ಇದೇ. ಒಂದರಿಂದ ಆರರವರೆಗಿನ ವಿಸ್ತೀರ್ಣವನ್ನು ಎರಡರ ಬಳಿ ತುಂಡರಿಸಿ. ಮೊದಲ ತುಂಡು ಒಂದರಿಂದ ಎರಡು: 0.693. ಎರಡನೆಯದು ಎರಡರಿಂದ ಆರು. ಅದರ ಅನುಪಾತ ಮೂರು, ಹಾಗಾಗಿ ಅದು ಒಂದರಿಂದ ಮೂರರವರೆಗಿನ ವಿಸ್ತೀರ್ಣಕ್ಕೆ ಸಮ: 1.099. ಕೂಡಿಸಿದರೆ 1.792. ಎರಡು ಮೂರಲ ಆರು ಎಂಬ ಗುಣಾಕಾರ, ವಿಸ್ತೀರ್ಣದಲ್ಲಿ ಕೂಡುವ ಲೆಕ್ಕವಾಯಿತು. ಗುಣಾಕಾರವನ್ನು ಸಂಕಲನಕ್ಕೆ ತಿರುಗಿಸುತ್ತಾ ಎಲ್ಲೂ ಕಡಿಯದೆ ಬೆಳೆಯುವ ಪರಿಮಾಣಕ್ಕೆ ಲಾಗರಿದಮ್ ಎಂದೇ ಹೆಸರು, ಬೇರೆ ಯಾವುದೂ ಹಾಗೆ ನಡೆದುಕೊಳ್ಳುವುದಿಲ್ಲ. ಅದರ ಆಧಾರ ಯಾವುದು ಎಂಬುದನ್ನು ಗೆರೆಯೇ ಹೇಳುತ್ತದೆ: ಒಂದರಿಂದ ಹೊರಟು ವಿಸ್ತೀರ್ಣ ಸರಿಯಾಗಿ 1 ಆಗುವ ಜಾಗವೇ ಆಧಾರ. ಅದು 2.718ರ ಆಸುಪಾಸಿನಲ್ಲಿದೆ, ನಾವು e ಎಂದು ಕರೆಯುವ ಸಂಖ್ಯೆ.

ಸೊನ್ನೆಯ ಎಡಕ್ಕೆ

ಇಲ್ಲಿಯವರೆಗೆ ನಾವಿದ್ದದ್ದು ಸೊನ್ನೆಯ ಬಲಗಡೆ. ಆದರೆ 1/x ಗೆ ಎರಡು ತುಂಡುಗಳಿವೆ. x ಋಣವಾದಾಗ 1/x ಕೂಡ ಋಣ, ಹಾಗಾಗಿ ಇನ್ನೊಂದು ತುಂಡು ಅಕ್ಷದ ಕೆಳಗೆ, ಎಡಗಡೆ ಇರುತ್ತದೆ. −2 ರಿಂದ −1 ರವರೆಗೆ ಆ ಗೆರೆಗೂ ಅಕ್ಷಕ್ಕೂ ನಡುವೆ ಜಾಗವಿದೆ. ಅದರ ಆಕಾರ ಬಲಗಡೆಯ ತುಂಡಿನಂತೆಯೇ, ತಲೆಕೆಳಗಾಗಿದೆ ಅಷ್ಟೇ. ಅಕ್ಷದ ಕೆಳಗಿರುವುದರಿಂದ ಇಂಟಿಗ್ರಲ್‌ಗೆ ಋಣ ಚಿಹ್ನೆ ಸೇರಿ −0.693 ಆಗುತ್ತದೆ. ಉತ್ತರ ಕಣ್ಣೆದುರಿಗಿದೆ. ಆದರೆ log x ಎಂಬ ಸೂತ್ರಕ್ಕೆ −2 ಕೊಟ್ಟರೆ ಅದು ಸುಮ್ಮನಾಗುತ್ತದೆ. e ಯನ್ನು ಯಾವ ನೈಜ ಸಂಖ್ಯೆಯ ಘಾತಕ್ಕೆ ಏರಿಸಿದರೂ ಋಣ ಸಂಖ್ಯೆ ಸಿಗದು, ಆದ್ದರಿಂದ ಋಣ ಸಂಖ್ಯೆಗೆ ನೈಜ ಲಾಗ್ ಇಲ್ಲ.

ಅಂದ ಮೇಲೆ ಎಡಗಡೆಗೆ ಬೇರೊಂದು ಸೂತ್ರ ಬೇಕು. log(−x) ಅನ್ನು ನೋಡಿ. x ಋಣವಾಗಿದ್ದರೆ −x ಧನ, ಹಾಗಾಗಿ ಈ ಲಾಗ್‌ಗೆ ಅರ್ಥವಿದೆ. ಇದನ್ನು ಅವಕಲಿಸಿದರೆ, ಒಳಗಿನ −x ನಿಂದ ಒಂದು −1 ಹೊರಬರುತ್ತದೆ, ಕೆಳಗೆ −x ಉಳಿಯುತ್ತದೆ. ಎರಡೂ ಋಣ ಚಿಹ್ನೆ ಹೊಡೆದುಹೋಗಿ 1/x ಸಿಗುತ್ತದೆ. ಚಿತ್ರದಲ್ಲಿ ನೋಡಿದರೆ ಇನ್ನೂ ಸಲೀಸು. log(−x) ನ ಗೆರೆ, log x ನ ಗೆರೆಯನ್ನು ಲಂಬ ಅಕ್ಷದಲ್ಲಿ ಪ್ರತಿಬಿಂಬಿಸಿದ್ದು. ಬಲಗಡೆ 3ರ ಬಳಿ ಗೆರೆ 1/3 ರ ದರದಲ್ಲಿ ಏರುತ್ತಿದ್ದರೆ, ಎಡಗಡೆ −3ರ ಬಳಿ ಪ್ರತಿಬಿಂಬ ಅದೇ ದರದಲ್ಲಿ ಇಳಿಯುತ್ತದೆ. ಅಲ್ಲಿ 1/x ನ ಬೆಲೆಯೂ −1/3.

ಹೀಗೆ ಬಲಕ್ಕೆ log x, ಎಡಕ್ಕೆ log(−x). ಋಣವಾಗಿದ್ದರೆ ಚಿಹ್ನೆ ತೆಗೆ, ಧನವಾಗಿದ್ದರೆ ಹಾಗೇ ಬಿಡು ಎಂದು ಹೇಳುವ ಮಾಡ್ಯುಲಸ್ ಗುರುತು, ಅಂದರೆ ಆ ಎರಡು ಗೀಟು, ಎರಡು ಸೂತ್ರಗಳನ್ನು ಒಂದೇ ಸಾಲಿಗೆ ಮಡಚುತ್ತದೆ. ಗೀಟಿನ ಕೆಲಸ ಇಷ್ಟೇ.

ಫ್ರಿಜ್‌ನಿಂದ ಹೊರಗಿಟ್ಟ ನೀರು

ಗೀಟು ಬಿಟ್ಟರೆ ಏನಾಗುತ್ತದೆ ಎಂಬುದನ್ನು ಒಂದು ಲೆಕ್ಕದಲ್ಲಿ ನೋಡೋಣ. ಕೋಣೆಯ ಉಷ್ಣತೆ 30 ಡಿಗ್ರಿ ಸೆಲ್ಸಿಯಸ್. ಫ್ರಿಜ್‌ನಿಂದ ತೆಗೆದ ಬಾಟಲಿಯ ನೀರು 5 ಡಿಗ್ರಿ. ಹತ್ತು ನಿಮಿಷದ ನಂತರ ಅದು 10 ಡಿಗ್ರಿ ತಲುಪಿದೆ ಎಂದುಕೊಳ್ಳಿ. ಇಪ್ಪತ್ತನೆಯ ನಿಮಿಷಕ್ಕೆ ಎಷ್ಟಿರುತ್ತದೆ?

ನ್ಯೂಟನ್ನನ ನಿಯಮದಂತೆ, ವಸ್ತುವಿನ ಉಷ್ಣತೆ ಬದಲಾಗುವ ವೇಗ ಅದಕ್ಕೂ ಸುತ್ತಲಿಗೂ ಇರುವ ವ್ಯತ್ಯಾಸಕ್ಕೆ ಅನುಪಾತದಲ್ಲಿರುತ್ತದೆ. ನೀರಿನ ಉಷ್ಣತೆಯಲ್ಲಿ 30 ಕಳೆದು ಬಂದ ವ್ಯತ್ಯಾಸವನ್ನು x ಎನ್ನೋಣ. ಆಗ dx/x = −k dt. ಎಡಬದಿಯಲ್ಲಿ ನಮ್ಮ 1/x ಬಂದು ಕೂತಿತು. ಇಲ್ಲಿ ನೀರು ಕೋಣೆಗಿಂತ ತಣ್ಣಗಿರುವುದರಿಂದ x ಋಣ. ಅದು −25 ರಿಂದ ಶುರುವಾಗಿ ಹತ್ತು ನಿಮಿಷದಲ್ಲಿ −20 ಆಗಿದೆ.

ಗೀಟು ಇಲ್ಲದೆ log(−25) ಎಂದು ಕ್ಯಾಲ್ಕುಲೇಟರಿಗೆ ಒತ್ತಿದರೆ ಎರರ್ ಎನ್ನುತ್ತದೆ. ಗೀಟು ಇದ್ದರೆ ಲೆಕ್ಕ ಹೀಗೆ: log 20 − log 25 = −0.223. ಇದು −10k ಗೆ ಸಮ, ಆದ್ದರಿಂದ k ನಿಮಿಷಕ್ಕೆ 0.0223. ಹತ್ತು ನಿಮಿಷಕ್ಕೊಮ್ಮೆ ವ್ಯತ್ಯಾಸ ಹಿಂದಿನದರ ಶೇಕಡಾ 80ಕ್ಕೆ ಇಳಿಯುತ್ತದೆ ಎಂದು ಇದರರ್ಥ. ಇಪ್ಪತ್ತನೆಯ ನಿಮಿಷಕ್ಕೆ x = −16, ಅಂದರೆ ನೀರು 14 ಡಿಗ್ರಿ. 25 ಡಿಗ್ರಿ ತಲುಪಲು ವ್ಯತ್ಯಾಸ −5 ಆಗಬೇಕು. log 5 − log 25 = −1.609, ಅದನ್ನು k ಯಿಂದ ಭಾಗಿಸಿದರೆ ಸುಮಾರು 72 ನಿಮಿಷ.

ವಿದ್ಯಾರ್ಥಿಗಳು ಜಾರುವ ಜಾಗ ಕೊನೆಯ ಹೆಜ್ಜೆಯಲ್ಲಿದೆ. ಲಾಗ್ ತೆಗೆದಾಗ ಕೈಗೆ ಸಿಗುವುದು |x| = 16, x ಅಲ್ಲ. ಗೀಟನ್ನು ಮರೆತು x = 16 ಎಂದು ಬರೆದರೆ ನೀರಿನ ಉಷ್ಣತೆ 46 ಡಿಗ್ರಿ ಎಂದಾಗುತ್ತದೆ. ಫ್ರಿಜ್‌ನ ನೀರು ಕೋಣೆಗಿಂತ ಬಿಸಿಯಾಗದು ಎಂದು ಗೊತ್ತಿರುವುದರಿಂದ ತಪ್ಪು ಕೂಡಲೇ ಕಣ್ಣಿಗೆ ಬೀಳುತ್ತದೆ. ಅಂಥ ಸುಳಿವು ಇಲ್ಲದ ಲೆಕ್ಕಗಳಲ್ಲಿ ಬೀಳುವುದಿಲ್ಲ. x ಶುರುವಿನಲ್ಲಿ ಯಾವ ಚಿಹ್ನೆ ಹೊತ್ತಿತ್ತೋ ಕೊನೆಯವರೆಗೂ ಅದನ್ನೇ ಹೊತ್ತಿರುತ್ತದೆ. ಗೀಟು ಬಿಚ್ಚುವಾಗ ಅದನ್ನು ಮರಳಿ ಹಾಕಬೇಕು.

ಬರ್ನೂಲಿಯ ವಾದ, ಆಯ್ಲರನ ಉತ್ತರ

ಈ ಗೀಟುಗಳ ಹಿಂದೆ ಒಂದು ಹಳೆಯ ಜಗಳವೂ ಇದೆ. 1712 ಮತ್ತು 1713ರಲ್ಲಿ ಲೈಬ್ನಿಟ್ಸ್ ಮತ್ತು ಯೋಹಾನ್ ಬರ್ನೂಲಿ ಪತ್ರಗಳಲ್ಲಿ ವಾದಿಸಿದರು. ಋಣ ಸಂಖ್ಯೆಗಳ ಲಾಗ್ ಎಂದರೆ ಏನು ಎಂಬುದು ಚರ್ಚೆ. ಬರ್ನೂಲಿಯ ಪ್ರಕಾರ −x ನ ಲಾಗ್ ಮತ್ತು x ನ ಲಾಗ್ ಒಂದೇ. ಅವನು ಕೊಟ್ಟ ಕಾರಣ ನಮಗೀಗ ಪರಿಚಿತ: ಎರಡನ್ನೂ ಅವಕಲಿಸಿದರೆ dx/x ಬರುತ್ತದೆ. ಲೈಬ್ನಿಟ್ಸ್ ಒಪ್ಪಲಿಲ್ಲ. ಋಣ ಸಂಖ್ಯೆಗಳ ಲಾಗ್ ಕಾಲ್ಪನಿಕವೇ ಸರಿ ಎಂಬುದು ಅವನ ನಿಲುವು. ಇಬ್ಬರ ನಡುವೆ ಅದು ಇತ್ಯರ್ಥವಾಗಲಿಲ್ಲ.

1749ರಲ್ಲಿ ಇದನ್ನು ಬಿಡಿಸಿದವನು ಬರ್ನೂಲಿಯ ಶಿಷ್ಯನೇ ಆದ ಲಿಯೊನಾರ್ಡ್ ಆಯ್ಲರ್. ಗುರುವಿನ ವಾದಕ್ಕೆ ಅವನು ಕೊಟ್ಟ ಉತ್ತರ ಎರಡೇ ಮಾತಿನದು. 2x ನ ಲಾಗ್ ಅನ್ನು ಅವಕಲಿಸಿದರೂ dx/x ಬರುತ್ತದೆ. ಹಾಗಾದರೆ 2x ನ ಲಾಗ್ ಮತ್ತು x ನ ಲಾಗ್ ಒಂದೇ ಎನ್ನೋಣವೇ? ಇಲ್ಲ, ಅವುಗಳ ನಡುವೆ log 2 ಎಂಬ ಸ್ಥಿರಾಂಕದ ಅಂತರವಿದೆ, ಅವಕಲಿಸುವಾಗ ಸ್ಥಿರಾಂಕ ಮಾಯವಾಗುತ್ತದೆ. ಅದೇ ರೀತಿ −x ನ ಲಾಗ್‌ಗೂ x ನ ಲಾಗ್‌ಗೂ ನಡುವೆ log(−1) ಎಂಬ ಅಂತರವಿದೆ. ಅದು ಸೊನ್ನೆಯಲ್ಲ, π ಯ ಬೆಸ ಅಪವರ್ತ್ಯವನ್ನು i ಯಿಂದ ಗುಣಿಸಿದ ಕಾಲ್ಪನಿಕ ಸಂಖ್ಯೆ ಎಂದು ಆಯ್ಲರ್ ತೋರಿಸಿದ. ಅಂಥ ಸಂಖ್ಯೆಗಳಿಗೆ ಕೊನೆಯಿಲ್ಲ, ಹಾಗಾಗಿ ಪ್ರತಿ ಸಂಖ್ಯೆಗೂ ಲೆಕ್ಕವಿಲ್ಲದಷ್ಟು ಲಾಗ್‌ಗಳು.

ಹಾಗಾದರೆ ಇವತ್ತಿನ ಪುಸ್ತಕದ log|x| ಬರ್ನೂಲಿಯ ಗೆಲುವೋ? ಅಲ್ಲ. −5 ರ ಲಾಗ್ 5 ರ ಲಾಗ್‌ಗೆ ಸಮ ಎಂದು ಆ ಸೂತ್ರ ಹೇಳುತ್ತಿಲ್ಲ. ಅವಕಲಿಸಿದರೆ 1/x ಕೊಡುವ, ಎಡಗಡೆಯೂ ನೈಜವಾಗಿರುವ ಒಂದು ಸೂತ್ರ ಇದು ಎಂದಷ್ಟೇ ಹೇಳುತ್ತದೆ. ಸಂಕೀರ್ಣ ಸಂಖ್ಯೆಗಳೊಂದಿಗೆ ಕೆಲಸ ಮಾಡುವವರು ಗೀಟು ಹಾಕದೆ log x ಎಂದೇ ಬರೆಯುವುದುಂಟು. ಅವರ ಲೆಕ್ಕದಲ್ಲಿ −20 ರ ಲಾಗ್‌ನಲ್ಲೂ −25 ರ ಲಾಗ್‌ನಲ್ಲೂ ಒಂದೇ iπ ಇರುತ್ತದೆ, ಒಂದರಿಂದ ಇನ್ನೊಂದನ್ನು ಕಳೆದಾಗ ಅದು ಹೊಡೆದುಹೋಗಿ ಅದೇ −0.223 ಉಳಿಯುತ್ತದೆ. ನೈಜ ಸಂಖ್ಯೆಗಳನ್ನಷ್ಟೇ ಬಲ್ಲವರು ಆ iπ ಯನ್ನು ಮೊದಲೇ ಬದಿಗಿಡುವ ಉಪಾಯ ಗೀಟು.

ಸೊನ್ನೆಯನ್ನು ದಾಟಿದರೆ

ಇಷ್ಟು ಉಪಕಾರಿಯಾದ ಗೀಟು ಒಂದು ಕಡೆ ಅಪಾಯವನ್ನು ಮುಚ್ಚಿಡುತ್ತದೆ. −1 ರಿಂದ 2 ರವರೆಗೆ 1/x ನ ಇಂಟಿಗ್ರಲ್ ಎಷ್ಟು ಎಂದು ಕೇಳಿದರೆ, ಸೂತ್ರ ತಡವರಿಸದೆ log 2 − log 1 = 0.693 ಎನ್ನುತ್ತದೆ. ನೋಡಲು ಒಳ್ಳೆಯ ಉತ್ತರ. ಆದರೆ ಅದು ತಪ್ಪು, ಆ ಇಂಟಿಗ್ರಲ್‌ಗೆ ಬೆಲೆಯೇ ಇಲ್ಲ.

ಯಾಕೆಂದರೆ ದಾರಿಯಲ್ಲಿ ಸೊನ್ನೆ ಇದೆ, ಅಲ್ಲಿ 1/x ಮುಗಿಲಿಗೆ ಹಾರುತ್ತದೆ. 0.1 ರಿಂದ 1 ರವರೆಗಿನ ವಿಸ್ತೀರ್ಣ 2.303. 0.01 ರಿಂದ ಶುರುಮಾಡಿದರೆ 4.605. 0.001 ರಿಂದಾದರೆ 6.908. ಸೊನ್ನೆಗೆ ಹತ್ತು ಪಟ್ಟು ಹತ್ತಿರ ಹೋದಾಗಲೆಲ್ಲ ಮತ್ತೆ 2.303 ಸೇರುತ್ತದೆ. ಅನುಪಾತ ಒಂದೇ ಇದ್ದರೆ ವಿಸ್ತೀರ್ಣ ಒಂದೇ ಎಂಬ ಗುಣವೇ ಇಲ್ಲಿ ಮುಳುವಾಗಿದೆ. ಹೀಗೆ ಸೇರುತ್ತಾ ಹೋಗುವುದಕ್ಕೆ ಕೊನೆಯಿಲ್ಲ. ಎಡಗಡೆಯೂ ಅಷ್ಟೇ, ಋಣ ಚಿಹ್ನೆಯೊಂದಿಗೆ.

ಒಂದು ಅನಂತ ಇನ್ನೊಂದನ್ನು ಹೊಡೆದುಹಾಕಲಿ ಎನ್ನಲು ಬರುವುದಿಲ್ಲವೇ? ಪ್ರಯತ್ನಿಸಿ ನೋಡಿ. ಎಡಗಡೆ −0.01 ರಲ್ಲಿ ನಿಲ್ಲಿಸಿ ಬಲಗಡೆ 0.01 ರಿಂದ ಮುಂದುವರಿಸಿದರೆ ಒಟ್ಟು 0.693. ಬಲಗಡೆ 0.02 ರಿಂದ ಮುಂದುವರಿಸಿದರೆ ಎಡಗಡೆಯ −4.605 ಮತ್ತು ಬಲಗಡೆಯ 4.605 ಸೇರಿ ಒಟ್ಟು ಸೊನ್ನೆ. ಎರಡೂ ಕಡೆ ಇನ್ನಷ್ಟು ಸೊನ್ನೆಯತ್ತ ಸರಿದು, ಬಲದ ದೂರವನ್ನು ಎಡದ ಎರಡರಷ್ಟೇ ಇಟ್ಟರೆ ಆಗಲೂ ಸೊನ್ನೆಯೇ. ಸೊನ್ನೆಯನ್ನು ಹೇಗೆ ಸಮೀಪಿಸುತ್ತೇವೆ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ, ಬೇಕಾದ ಸಂಖ್ಯೆಯನ್ನು ಬರಿಸಿಕೊಳ್ಳಬಹುದು. ಎರಡೂ ಕಡೆಯಿಂದ ಸಮ ದೂರ ಇಟ್ಟುಕೊಂಡೇ ಬರಬೇಕು ಎಂದು ಕರಾರು ಹಾಕಿದಾಗ ಸಿಗುವ 0.693 ಕ್ಕೆ ಕೌಶಿಯ ಪ್ರಧಾನ ಮೌಲ್ಯ ಎಂಬ ಬೇರೆಯೇ ಹೆಸರಿದೆ. ಅದು ಉಪಯುಕ್ತ, ಆದರೆ ಸಾಮಾನ್ಯ ಇಂಟಿಗ್ರಲ್ ಅಲ್ಲ.

ಸೊನ್ನೆ ಹೀಗೆ ಎರಡು ಕಡೆಗಳನ್ನು ಬೇರ್ಪಡಿಸುವುದರಿಂದ ಸೂತ್ರದ ಕೊನೆಯ C ಕೂಡ ಪೂರ್ತಿ ನಿಜ ಹೇಳುತ್ತಿಲ್ಲ. ಬಲಗಡೆ log x + 5, ಎಡಗಡೆ log(−x) − 3 ಎಂದು ಬರೆದರೂ ಅವಕಲಿಸಿದಾಗ ಎಲ್ಲ ಕಡೆ 1/x ಸಿಗುತ್ತದೆ. ಎರಡು ತುಂಡುಗಳ ನಡುವೆ ಸೇತುವೆ ಇಲ್ಲದ ಕಾರಣ ಒಂದರ ಸ್ಥಿರಾಂಕ ಇನ್ನೊಂದನ್ನು ಕಟ್ಟಿಹಾಕದು. ಫ್ರಿಜ್‌ನ ನೀರಿನ ಲೆಕ್ಕದಲ್ಲಿ ಇದು ತೊಡಕಾಗಲಿಲ್ಲ, ಯಾಕೆಂದರೆ x ಯಾವಾಗಲೂ ಎಡಗಡೆಯೇ ಇತ್ತು. ಆ ನಿಯಮದ ಪ್ರಕಾರ ವ್ಯತ್ಯಾಸ ಸೊನ್ನೆಯಾಗಲು ಅನಂತ ಕಾಲ ಬೇಕು, ಹಾಗಾಗಿ ದಾಟುವ ಪ್ರಶ್ನೆಯೇ ಬರಲಿಲ್ಲ.

ಲೆಕ್ಕ ಮಾಡುವವರಿಗೆ ಒಂದು ಸುಲಭದ ತಾಳೆ ಇದೆ. a ಯಿಂದ b ವರೆಗಿನ ಇಂಟಿಗ್ರಲ್ ಅನ್ನು log|b| − log|a| ಎಂದು ಬರೆಯುವ ಬದಲು log(b/a) ಎಂದು ಬರೆಯಿರಿ. ಎರಡೂ ತುದಿ ಧನವಾಗಿದ್ದರೆ b/a ಧನ, ಎರಡೂ ಋಣವಾಗಿದ್ದರೂ b/a ಧನ. ಎರಡು ಸಂದರ್ಭದಲ್ಲೂ ಗೀಟಿಲ್ಲದೆ ಸರಿಯಾದ ಉತ್ತರ ಬರುತ್ತದೆ: −20/−25 ಎಂದರೆ 0.8, ಅದರ ಲಾಗ್ −0.223. ಒಂದು ತುದಿ ಸೊನ್ನೆಯ ಆಚೆ, ಇನ್ನೊಂದು ಈಚೆ ಇದ್ದರೆ b/a ಋಣವಾಗಿ ಲಾಗ್ ತಾನಾಗಿ ನಿರಾಕರಿಸುತ್ತದೆ. ಗೀಟು ಹಾಕಿ ಬರೆದಾಗ ಮರೆಯಾಗುವ ಎಚ್ಚರಿಕೆ, ಹೀಗೆ ಬರೆದಾಗ ಕ್ಯಾಲ್ಕುಲೇಟರಿನ ಎರರ್ ಆಗಿ ಕಾಣಿಸಿಕೊಳ್ಳುತ್ತದೆ. ಆ ಎರರ್ ಬಂದರೆ ಗೀಟು ಹಾಕಿ ಸರಿಪಡಿಸಲು ಹೋಗಬೇಡಿ, ಲೆಕ್ಕ ಸೊನ್ನೆಯನ್ನು ಯಾಕೆ ದಾಟಿತು ಎಂದು ಹುಡುಕಿ.